ಪದಚರ್ಚೆ: ‘ಹ್ಯಾವರ್ಸೈನ್ ದೂರ’ ಮತ್ತು ‘ಎಲಿಪ್ಸಾಯ್ಡ್ ದೂರ’ಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ನಕ್ಷೆ ತಂತ್ರಾಂಶವೊಂದರ ಸಹಾಯಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಸ್ಥಳಗಳ ನಡುವಿನ ದೂರವನ್ನು ಲೆಕ್ಕ ಹಾಕಲು ಅದರಲ್ಲಿ ಎರಡು ಆಯ್ಕೆಗಳಿವೆ: ಒಂದು ಭೂಮಿಯನ್ನು ಗೋಳವೆಂದು ಎಣಿಸುವ ಹ್ಯಾವರ್ಸೈನ್ ಸೂತ್ರ, ಇನ್ನೊಂದು ಅದನ್ನು ಧ್ರುವಗಳಲ್ಲಿ ಚಪ್ಪಟೆಯಾದ ಆಕಾರವೆಂದು ಎಣಿಸುವ ಎಲಿಪ್ಸಾಯ್ಡ್ ವಿಧಾನ. ಮೊದಲನೆಯದಕ್ಕೆ ‘ಅಂದಾಜು ದೂರ’, ಎರಡನೆಯದಕ್ಕೆ ‘ನಿಖರ ದೂರ’ ಎಂದು ಬರೆದಿದ್ದೇನೆ. ಓದುಗರಿಗೆ ಇದು ಸುಲಭವಾಗಿ ತಿಳಿಯುತ್ತದೆ ಎಂಬುದು ನನ್ನ ಎಣಿಕೆ. ಇದು ಸರಿಯೇ?

ಮೊದಲ ಉತ್ತರ

ನನಗೆ ಸರಿಯೆನಿಸುತ್ತದೆ. ಹ್ಯಾವರ್ಸೈನ್ ಸೂತ್ರ ಭೂಮಿಯ ತ್ರಿಜ್ಯವನ್ನು ಎಲ್ಲೆಡೆ 6371 ಕಿ.ಮೀ. ಎಂದು ಹಿಡಿಯುವುದರಿಂದ ಉತ್ತರದಲ್ಲಿ ಶೇಕಡಾ ಅರ್ಧದಷ್ಟು ವ್ಯತ್ಯಾಸ ಬರಬಹುದು. ನಮ್ಮ ಅಕ್ಷಾಂಶಕ್ಕೆ ಹೊಂದುವ ತ್ರಿಜ್ಯವನ್ನು ಹಾಕಿಕೊಂಡರೆ ಆ ದೋಷವೂ ಹೋಗುತ್ತದೆ. ಆದ್ದರಿಂದ ‘ಅಂದಾಜು’ ಎಂಬುದೇ ಸಾಕು.

ಭೂಮಾಪನದಲ್ಲಿ ಬಹುಕಾಲ ದುಡಿದ ಸದಸ್ಯರೊಬ್ಬರಿಂದ

ಮೇಲಿನ ಉತ್ತರದ ಮೊದಲರ್ಧವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಪದದ ಆಯ್ಕೆಯೂ ಅದರ ಮೇಲೆಯೇ ನಿಂತಿರುವುದರಿಂದ ಒಂದು ಲೆಕ್ಕವನ್ನು ಮುಂದಿಡುತ್ತೇನೆ.

77.5 ಡಿಗ್ರಿ ರೇಖಾಂಶದ ಮೇಲೆ, ಬೆಂಗಳೂರಿನ ಸಮೀಪದ 13 ಡಿಗ್ರಿ ಅಕ್ಷಾಂಶದಿಂದ ಬೀದರಿನ ಸಮೀಪದ 18 ಡಿಗ್ರಿಯವರೆಗೆ ನೇರವಾಗಿ ಉತ್ತರಕ್ಕೆ ಹೋಗೋಣ. ಹ್ಯಾವರ್ಸೈನ್ ಪ್ರಕಾರ ದೂರ 555.97 ಕಿ.ಮೀ. ಜಿಪಿಎಸ್ ಬಳಸುವ WGS84 ಎಲಿಪ್ಸಾಯ್ಡಿನ ಮೇಲೆ ಅದು 553.27 ಕಿ.ಮೀ. ಮಾತ್ರ. ಅಂದರೆ ಹ್ಯಾವರ್ಸೈನ್ 2.7 ಕಿ.ಮೀ. ಹೆಚ್ಚು ತೋರಿಸುತ್ತದೆ. ಪರೀಕ್ಷಿಸಿ ನೋಡಬೇಕೆನ್ನುವವರಿಗೆ ಪೈಥಾನಿನಲ್ಲಿ ಎರಡು ಸಾಲು ಸಾಕು:

```
from pyproj import Geod
print(Geod(ellps="WGS84").inv(77.5, 13, 77.5, 18)[2])
```

ಉತ್ತರ ಮೀಟರುಗಳಲ್ಲಿ ಬರುತ್ತದೆ. ಇಲ್ಲಿ ರೇಖಾಂಶವನ್ನು ಮೊದಲು ಕೊಡಬೇಕು. ಅದಲುಬದಲಾದರೆ ಯಾವ ಎಚ್ಚರಿಕೆಯೂ ಇಲ್ಲದೆ ಬೇರೊಂದು ಸಂಖ್ಯೆ ಬರುತ್ತದೆ.

ಈಗ ಅದೇ 13 ಡಿಗ್ರಿಯ ಮೇಲೆ ಪೂರ್ವಕ್ಕೆ ಒಂದು ಡಿಗ್ರಿ ಹೋಗಿ. ಎಲಿಪ್ಸಾಯ್ಡ್ 108.48 ಕಿ.ಮೀ. ಎನ್ನುತ್ತದೆ, ಹ್ಯಾವರ್ಸೈನ್ ಸುಮಾರು 140 ಮೀಟರ್ ಕಡಿಮೆ ತೋರಿಸುತ್ತದೆ. ಉತ್ತರಕ್ಕೆ ಹೋದಾಗ ಹೆಚ್ಚು, ಪೂರ್ವಕ್ಕೆ ಹೋದಾಗ ಕಡಿಮೆ. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿರುವುದರಿಂದ ನಮ್ಮ ಅಕ್ಷಾಂಶದಲ್ಲಿ ಅದರ ಬಾಗು ಉತ್ತರ-ದಕ್ಷಿಣವಾಗಿ ಹೆಚ್ಚು, ಪೂರ್ವ-ಪಶ್ಚಿಮವಾಗಿ ಕಡಿಮೆ. ಆ ಬಾಗಿಗೆ ಸರಿಹೊಂದುವ ತ್ರಿಜ್ಯ ಒಂದು ದಿಕ್ಕಿನಲ್ಲಿ ಸುಮಾರು 6339 ಕಿ.ಮೀ., ಇನ್ನೊಂದರಲ್ಲಿ 6379 ಕಿ.ಮೀ. ಒಂದೇ ಸ್ಥಳದಲ್ಲಿ ಎರಡು ತ್ರಿಜ್ಯಗಳಿರುವಾಗ, ಯಾವ ಒಂದು ಸಂಖ್ಯೆಯನ್ನು ಹಾಕಿದರೂ ಎಲ್ಲ ದಿಕ್ಕುಗಳಿಗೂ ಅದು ಸರಿಹೋಗದು.

ಇದರಿಂದಲೇ ‘ಅಂದಾಜು’ ಎಂಬ ಪದ ನನಗೆ ಹಿಡಿಸುವುದಿಲ್ಲ. ಹ್ಯಾವರ್ಸೈನ್ ಸೂತ್ರದಲ್ಲಿ ಅಂದಾಜು ಏನೂ ಇಲ್ಲ. ಗೋಳದ ಮೇಲೆ ಅದು ಪೂರ್ತಿ ಸರಿ. ಭೂಮಿಯನ್ನು ಗೋಳವೆಂದು ಎಣಿಸಿದ್ದರಲ್ಲಿ ಅಂದಾಜು ಇದೆ. ‘ಗೋಳದ ಮೇಲಿನ ದೂರ’, ‘ಎಲಿಪ್ಸಾಯ್ಡಿನ ಮೇಲಿನ ದೂರ’ ಎಂದರೆ ವ್ಯತ್ಯಾಸ ಎಲ್ಲಿಂದ ಬಂತೆಂಬುದು ಹೆಸರಿನಲ್ಲಿಯೇ ತಿಳಿಯುತ್ತದೆ. ‘ನಿಖರ’ ಎಂಬುದಕ್ಕೂ ಇದೇ ಆಕ್ಷೇಪಣೆ: 1975ರ ವಿನ್ಸೆಂಟಿ ವಿಧಾನವು ಎಲಿಪ್ಸಾಯ್ಡನ್ನೇ ಬಳಸಿದರೂ, ಭೂಮಿಯ ಹೆಚ್ಚುಕಡಿಮೆ ವಿರುದ್ಧ ತುದಿಗಳಲ್ಲಿರುವ ಎರಡು ಸ್ಥಳಗಳನ್ನು ಕೊಟ್ಟಾಗ ಉತ್ತರಕ್ಕೆ ತಲುಪದೆ ಸುತ್ತುತ್ತಲೇ ಇರಬಹುದು. ಆ ಕೊರತೆಯನ್ನು ನೀಗಿಸಿದ್ದು 2013ರಲ್ಲಿ ಪ್ರಕಟವಾದ ಕಾರ್ನಿ ವಿಧಾನ.

ಇನ್ನೊಬ್ಬ ಸದಸ್ಯರಿಂದ

ಈ ಚರ್ಚೆ ನನ್ನ ತೊಂದರೆಗೂ ಉತ್ತರವೆಂದು ತೋರುತ್ತದೆ. ನಮ್ಮ ಹೊಲದ ಬದುವನ್ನು ಫೋನಿನಲ್ಲಿ ಅಳೆದಾಗ 40 ಮೀಟರಿನ ಬದಲು ಒಮ್ಮೆ 43, ಇನ್ನೊಮ್ಮೆ 38 ಮೀಟರ್ ಬಂತು. ಆ್ಯಪ್ ಹ್ಯಾವರ್ಸೈನ್ ಬಳಸುತ್ತಿರಬೇಕಲ್ಲವೇ?

ಭೂಮಾಪನದ ಸದಸ್ಯರಿಂದ

ಕಾರಣ ಅದಲ್ಲ. 40 ಮೀಟರಿನಲ್ಲಿ ಶೇಕಡಾ ಅರ್ಧವೆಂದರೆ 20 ಸೆಂಟಿಮೀಟರ್ ಮಾತ್ರ, ಅದೂ ಪ್ರತಿ ಸಲ ಒಂದೇ ಬಗೆಯಲ್ಲಿ ಬರುತ್ತದೆ. ಅಳೆದಷ್ಟು ಸಲವೂ ಉತ್ತರ ಬದಲಾಗುತ್ತಿದ್ದರೆ, ಫೋನು ಗುರುತಿಸುವ ಸ್ಥಳವೇ ಕೆಲವು ಮೀಟರ್ ಅತ್ತಿತ್ತ ಸರಿಯುತ್ತಿದೆ ಎಂದರ್ಥ. ಬದುವಿಗೆ ಸರ್ವೆಯವರ ಅಳತೆಯನ್ನೇ ನಂಬಿ.

ಸಂಸ್ಕೃತ ಬಲ್ಲ ಸದಸ್ಯರಿಂದ

ಹ್ಯಾವರ್ಸೈನ್ ಎಂದರೆ ವರ್ಸೈನಿನ ಅರ್ಧ, ವರ್ಸೈನ್ ಎಂದರೆ 1ರಿಂದ ಕೊಸೈನನ್ನು ಕಳೆದರೆ ಉಳಿಯುವುದು. ವರ್ಸೈನಿಗೆ ಸೂರ್ಯಸಿದ್ಧಾಂತದಲ್ಲಿಯೇ ‘ಉತ್ಕ್ರಮಜ್ಯಾ’ ಎಂಬ ಹೆಸರಿದೆ. ಆದ್ದರಿಂದ ‘ಅರ್ಧೋತ್ಕ್ರಮಜ್ಯಾ’ ಎನ್ನಬಹುದು. ಎಲಿಪ್ಸಾಯ್ಡಿಗೆ ‘ದೀರ್ಘವೃತ್ತಾಭ’ ಎಂಬುದು ಒಪ್ಪುತ್ತದೆ, ‘ಗೋಳಾಭ’ಕ್ಕೆ ಜೋಡಿಯೂ ಆಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಅಂದಾಜು’, ‘ನಿಖರ’ ಎರಡನ್ನೂ ತೆಗೆದು, ಮೊದಲನೆಯದನ್ನು ‘ಗೋಳದ ಮೇಲಿನ ದೂರ’ ಎಂದು ಬದಲಾಯಿಸಿದ್ದೇನೆ. ‘ಅರ್ಧೋತ್ಕ್ರಮಜ್ಯಾ’ ಬಹಳ ಚೆಂದದ ಪದ, ಆದರೆ ಶಾಲೆಯಲ್ಲಿ ಸೈನ್ ಎಂದೇ ಕಲಿತವರು ಅದನ್ನು ಗುರುತಿಸಲಾರರು. ಸೂತ್ರದ ಹೆಸರನ್ನು ‘ಹ್ಯಾವರ್ಸೈನ್’ ಎಂದೇ ಉಳಿಸುತ್ತೇನೆ. ‘ದೀರ್ಘವೃತ್ತಾಭ’ದ ಬಗ್ಗೆ ಮಾತ್ರ ಮನಸ್ಸು ಇನ್ನೂ ಒಪ್ಪಿಲ್ಲ. ‘ದೀರ್ಘ’ ಎಂದೊಡನೆ ಓದುಗರು ಮೊಟ್ಟೆಯಂತೆ ಉದ್ದವಾದ ಆಕಾರವನ್ನು ಕಲ್ಪಿಸಿಕೊಳ್ಳುತ್ತಾರೆ. ಭೂಮಿಯಾದರೋ ಮೇಲೆ ಕೆಳಗೆ ಒತ್ತಿದಂತಿದೆ, ಅದೂ 6378 ಕಿ.ಮೀ. ತ್ರಿಜ್ಯದಲ್ಲಿ ಸುಮಾರು 21 ಕಿ.ಮೀ.ಯಷ್ಟು ಮಾತ್ರ. ‘ಚಪ್ಪಟೆ ಗೋಳ’ ಎಂದರೆ ಭೂಮಾಪನದವರು ಒಪ್ಪುವರೇ?