ಅಪ್‌ಡೇಟ್: ಟಿಕೆಟ್‌ನಲ್ಲಿ MAJN ಇದ್ದರೆ ಮಂಗಳೂರಿನ ಯಾವ ಸ್ಟೇಷನ್?

ನಾನು ಕೇಳಿದ್ದು: "ಟಿಕೆಟ್‌ನಲ್ಲಿ MAJN ಅಂತಿದೆ, ಸೆಂಟ್ರಲ್‌ಗೆ ಹೋದರೆ ರೈಲು ಸಿಗುತ್ತಾ?"

ಸಿಗಲ್ಲ. ಸೆಂಟ್ರಲ್‌ನ ಕೋಡ್ MAQ. MAJN ಅಂದರೆ ಮಂಗಳೂರು ಜಂಕ್ಷನ್, ಹಳಬರು ಈಗಲೂ ಕಂಕನಾಡಿ ಅನ್ನೋದು. ಸೆಂಟ್ರಲ್‌ನಲ್ಲಿ ಹಳಿ ಮುಗಿಯುತ್ತದೆ. ಕೇರಳ–ಕೊಂಕಣ ರೈಲು ಅಲ್ಲಿಗೆ ಹೋದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಹಾಕಬೇಕು. ಅದಕ್ಕೇ ನೇತ್ರಾವತಿ, ಮಂಗಳಾ ಲಕ್ಷದ್ವೀಪದಂಥವು ಜಂಕ್ಷನ್‌ನಲ್ಲೇ ನಿಂತು ಮುಂದೆ ಹೋಗುತ್ತವೆ.

ಬುಕ್ ಮಾಡುವಾಗ "Mangaluru" ಅಂತ ಟೈಪ್ ಮಾಡಿದರೆ ಎರಡೂ ಬರುತ್ತವೆ, ಕೋಡ್ ನೋಡಿಯೇ ಆರಿಸಿ. ಟಿಕೆಟ್‌ನಲ್ಲಿ "Boarding At" ಬೇರೆಯಾಗಿ ಇರುತ್ತದೆ, ಆಟೋದವರಿಗೆ ಹೇಳಬೇಕಾದದ್ದು ಆ ಹೆಸರು. ಬರೀ "ರೈಲ್ವೆ ಸ್ಟೇಷನ್" ಅನ್ನಬೇಡಿ. ಬೋರ್ಡಿಂಗ್ ಬದಲಿಸುವುದಿದ್ದರೆ ಚಾರ್ಟ್‌ಗೆ ಮೊದಲೇ ಬದಲಿಸಿ. ಒಮ್ಮೆ ಬದಲಿಸಿದ ಮೇಲೆ ಹಳೆಯ ಸ್ಟೇಷನ್‌ನಲ್ಲಿ ಹತ್ತುವ ಹಕ್ಕು ಇರಲ್ಲ.