ಸಕ್ಕರೆ ಕಾಯಿಲೆ ಜಾಗೃತಿ: ಧ್ವನಿ ಸಂದೇಶವೋ, ಊರಿನ ಸಭೆಯೋ?

ಪ್ರಶ್ನೆ (ತಾಲ್ಲೂಕು ಆರೋಗ್ಯ ಶಿಕ್ಷಣಾಧಿಕಾರಿ): ಸಕ್ಕರೆ ಕಾಯಿಲೆ ಬಗ್ಗೆ ಹಳ್ಳಿಯವರ ಮೊಬೈಲಿಗೆ ಧ್ವನಿ ಸಂದೇಶ ಕಳಿಸೋಣ ಅಂತಿದ್ದೇವೆ. ಗುಂಪು ಸಭೆಗೆ ದುಡ್ಡೂ ಬೇಕು, ಜನವೂ ಬೇಕು. ಅಷ್ಟು ಮಾಡುವಂಥ ವ್ಯತ್ಯಾಸ ಇದೆಯಾ ಮೇಡಂ?

ಸಮುದಾಯ ಆರೋಗ್ಯ ತಜ್ಞೆ: ಇದೆ. ಬಾಂಗ್ಲಾದೇಶದ ಫರೀದ್‌ಪುರ ಜಿಲ್ಲೆಯ 96 ಹಳ್ಳಿಗಳಲ್ಲಿ ಎರಡನ್ನೂ ಪಕ್ಕಪಕ್ಕದಲ್ಲೇ ಪರೀಕ್ಷಿಸಿದರು. 32 ಹಳ್ಳಿಗೆ ವಾರಕ್ಕೆರಡು ಸಂದೇಶ, 32ಕ್ಕೆ ತಿಂಗಳಿಗೊಂದರಂತೆ 18 ಸಭೆ, ಉಳಿದವಕ್ಕೆ ಎಂದಿನ ವ್ಯವಸ್ಥೆ ಮಾತ್ರ. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಂದೇಶ ಕೇಳಿದವರ ತಿಳಿವಳಿಕೆ ಹೆಚ್ಚಿತು, ರಕ್ತದ ಸಕ್ಕರೆ ಮಾತ್ರ ಇಳಿಯಲಿಲ್ಲ. ಸಭೆ ನಡೆದ ಕಡೆ ಸಕ್ಕರೆ ಕಾಯಿಲೆ ಇರುವವರು, ಅದರ ಅಂಚಿನಲ್ಲಿರುವವರು ಇಬ್ಬರ ಪ್ರಮಾಣವೂ ಸೇರಿ ಗಣನೀಯವಾಗಿ ಕಡಿಮೆಯಿತ್ತು.

ಕಾರಣ ಸಭೆಯ ಕ್ರಮದಲ್ಲಿದೆ. ಮೊದಲ ಕೆಲವು ತಿಂಗಳು ಊರವರೇ ತಮ್ಮ ಅಡ್ಡಿಗಳನ್ನು ಗುರುತಿಸುತ್ತಾರೆ. ಆಮೇಲೆ ಪರಿಹಾರ ಆರಿಸಿ, ಮಾಡಿ ನೋಡಿ, ಕೊನೆಗೆ ಏನಾಯಿತೆಂದು ತಾವೇ ತೂಗುತ್ತಾರೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಗುಂಪು. ‘ದಿನಾ ನಡೆಯಿರಿ’ ಅಂತ ಫೋನು ಹೇಳಿದರೆ, ಒಬ್ಬಳೇ ರಸ್ತೆಗಿಳಿಯಲು ಹಿಂಜರಿಯುವ ಹೆಂಗಸಿಗೆ ಅದರಿಂದ ಉಪಯೋಗವಿಲ್ಲ. ಹತ್ತು ಜನ ಜೊತೆಯಾಗಿ ಹೊರಟರೆ ಆಡಿಕೊಳ್ಳುವವರೂ ಸುಮ್ಮನಾಗುತ್ತಾರೆ.

ಓದುಗರೊಬ್ಬರು: ಇಷ್ಟೆಲ್ಲ ಯಾಕೆ? ಊರ ಮುಖಂಡನನ್ನು ಒಪ್ಪಿಸಿದರೆ ಮಿಕ್ಕವರು ತಾವಾಗಿ ಹಿಂಬಾಲಿಸುತ್ತಾರೆ ಅಂತ, ಹೊಸ ಪದ್ಧತಿಗಳು ಜನರಲ್ಲಿ ಹೇಗೆ ಹರಡುತ್ತವೆ ಎಂದು ಅಧ್ಯಯನ ಮಾಡಿದ ಎವರೆಟ್ ರೋಜರ್ಸ್ 1962ರಲ್ಲೇ ಹೇಳಿದ್ದಾರಲ್ಲ.

ತಜ್ಞೆ: ಹೈಬ್ರಿಡ್ ಬೀಜದಂಥ ಹೊಸತಿಗೆ ಅದು ಸರಿ ಸರ್, ಪಕ್ಕದ ಹೊಲದ ಬೆಳೆ ಕಣ್ಣಿಗೆ ಕಾಣುತ್ತದೆ. ಬಾರದೇ ಉಳಿದ ಕಾಯಿಲೆಯನ್ನು ಯಾರೂ ನೋಡುವುದಿಲ್ಲ. ಮುನ್ನೆಚ್ಚರಿಕೆಯ ಅಭ್ಯಾಸಗಳು ನಿಧಾನವಾಗಿ ಹರಡುತ್ತವೆ ಅನ್ನುವುದನ್ನು ರೋಜರ್ಸ್ ಕೂಡ ಒಪ್ಪಿದ್ದರು.

ಆಶಾ ಕಾರ್ಯಕರ್ತೆ: ನಮ್ಮಲ್ಲೂ ತಿಂಗಳಿಗೊಂದು ಸಭೆ ಮಾಡ್ತೀವಿ ಮೇಡಂ. ಇಡೀ ಪಂಚಾಯ್ತಿಗೆ ಒಂದೇ ಗುಂಪು, ಬರೋರೂ ಅವರೇ. ಇದೂ ಅದೇ ಅಲ್ವಾ?

ತಜ್ಞೆ: ಅಷ್ಟು ಸಾಲದಮ್ಮಾ. ನವಜಾತ ಶಿಶುಗಳ ಸಾವು ತಡೆಯಲು ಇದೇ ಬಗೆಯ ಮಹಿಳಾ ಗುಂಪುಗಳನ್ನು ಎರಡು ಕಡೆ ನಡೆಸಿದ್ದರು. ಜಾರ್ಖಂಡ್–ಒಡಿಶಾದಲ್ಲಿ 468 ಜನಕ್ಕೊಂದು ಗುಂಪಿತ್ತು, ಸಾವು ಸುಮಾರು ಮೂರನೇ ಒಂದು ಪಾಲು ತಗ್ಗಿತು. ಬಾಂಗ್ಲಾದೇಶದಲ್ಲಿ 1,414 ಜನಕ್ಕೊಂದು, ಪರಿಣಾಮ ಕಾಣಲಿಲ್ಲ. ಹಾಜರಿ ಪುಸ್ತಕದಲ್ಲಿ ಒಟ್ಟು ತಲೆ ಎಣಿಸಬೇಡಿ. ಸಕ್ಕರೆ ವಿಷಯವಾದರೆ ಮೂವತ್ತು ವರ್ಷ ದಾಟಿದವರು ಎಷ್ಟು ಮನೆಯಿಂದ ಬಂದಿದ್ದಾರೆ, ಹೊಸ ಹೆಸರು ಸೇರುತ್ತಿದೆಯೇ ನೋಡಿ. ಇನ್ನೊಂದು, ಮೊದಲ ಸಭೆಯಲ್ಲೇ ನೀವು ಪರಿಹಾರ ಹೇಳಿಬಿಟ್ಟರೆ ಅದು ಭಾಷಣವೇ ಆಯಿತು.

ಶಿಕ್ಷಣಾಧಿಕಾರಿ: ಹಾಗಾದರೆ ಸಂದೇಶ ಕೈಬಿಡಬೇಕೇ?

ತಜ್ಞೆ: ಸಭೆಯ ದಿನ ನೆನಪಿಸಲು ಇಟ್ಟುಕೊಳ್ಳಿ. ಆದರೆ ಒಂದೂವರೆ ವರ್ಷ ಗುಂಪು ನಡೆಸುವವರ ಸಂಬಳ ಯಾವ ಲೆಕ್ಕದಿಂದ ಬರುತ್ತದೆ ಅನ್ನುವುದಕ್ಕೆ ನನ್ನ ಬಳಿ ಉತ್ತರವಿಲ್ಲ. ಆಶಾಗಳ ಮೇಲೇ ಹೊರಿಸುವುದಂತೂ ಬೇಡ.