ಪ್ಯಾನೆಲ್ ಫೋಟೋ ನೋಡಿ ವಾಟರ್ ಪ್ಯೂರಿಫೈಯರ್ ಮಾಡೆಲ್ ಹೇಳಬಹುದಾ? ಫಿಲ್ಟರ್ ಯಾವಾಗ ಬದಲಿಸಬೇಕು?

ಪ್ರಶ್ನೆ, ತುಮಕೂರಿನ ಸದಸ್ಯೆ:
ನಮಸ್ಕಾರ. ಹೊಸದಾಗಿ ಬಾಡಿಗೆ ಮನೆಗೆ ಬಂದಿದ್ದೇವೆ. ಓನರ್ ಬಿಟ್ಟುಹೋದ ವಾಟರ್ ಪ್ಯೂರಿಫೈಯರ್ ಗೋಡೆಯ ಮೇಲಿದೆ. ಮುಂದಿನ ಪ್ಯಾನೆಲ್ ಫೋಟೋ ಹಾಕಿದ್ದೇನೆ. ಇದು ಯಾವ ಮಾಡೆಲ್? ಫಿಲ್ಟರ್ ಚೇಂಜ್ ಅನ್ನುವ ಕೆಂಪು ದೀಪ ಉರೀತಾ ಇದೆ. ಯಾವ ಫಿಲ್ಟರ್ ಎಷ್ಟು ತಿಂಗಳಿಗೆ ಬದಲಿಸಬೇಕು? ನೋಡಲು ಬಂದವರು ಎಲ್ಲಾ ಬದಲಿಸಬೇಕು, 5,500 ರೂಪಾಯಿ ಆಗುತ್ತೆ ಅಂದರು. ನಮ್ಮದು ಬೋರ್‌ವೆಲ್ ನೀರು.

ಉತ್ತರ, ಪ್ಯೂರಿಫೈಯರ್ ಸರ್ವಿಸ್ ಮಾಡುವವರು:
ಮೇಡಂ, ಈ ಫೋಟೋದಿಂದ ಮಾಡೆಲ್ ಹೇಳಲು ಆಗುವುದಿಲ್ಲ. ಆದರೂ ಒಂದು ಮುಖ್ಯ ವಿಷಯ ಗೊತ್ತಾಗುತ್ತಿದೆ. ಕೆಳಗೆ ನೀರು ತುಂಬುವ ಪಾರದರ್ಶಕ ಟ್ಯಾಂಕ್, ಮೇಲೆ ಆರ್‌ಓ, ಯುವಿ, ಯುಎಫ್, ಟಿಡಿಎಸ್ ಕಂಟ್ರೋಲ್ ಅಂತ ಅಂಟಿಸಿದ ಸ್ಟಿಕ್ಕರ್. ಹೆಸರಿನ ಜಾಗದಲ್ಲೂ ಸ್ಟಿಕ್ಕರೇ ಇದೆ, ಪ್ಲಾಸ್ಟಿಕ್ ಮೇಲೆ ಅಚ್ಚಾದ ಹೆಸರಲ್ಲ. ಇಂಥ ಖಾಲಿ ಕ್ಯಾಬಿನೆಟ್‌ಗಳು ಸ್ಪೇರ್ ಅಂಗಡಿಗಳಲ್ಲೇ ಸಿಗುತ್ತವೆ. ಒಳಗೆ ಭಾಗಗಳನ್ನು ಜೋಡಿಸಿ, ಬೇಕಾದ ಹೆಸರು ಅಂಟಿಸಿ ಮಾರುತ್ತಾರೆ. ನಿಮ್ಮದು ಅಂಥ ಅಸೆಂಬಲ್ ಮಾಡಿದ ಮಷೀನ್ ಇರಬಹುದು.

ದೊಡ್ಡ ಕಂಪನಿಯ ಮಷೀನ್ ಆಗಿದ್ದರೂ ಮುಂದಿನ ಪ್ಯಾನೆಲ್ ಪೂರ್ತಿ ನಂಬುವ ಹಾಗಿಲ್ಲ. ಒಂದೇ ಮುಚ್ಚಳ ಹಾಕಿ ಒಳಗೆ ಬೇರೆ ಬೇರೆ ಫಿಲ್ಟರ್ ಇರುವ ಮೂರ್ನಾಲ್ಕು ಮಾಡೆಲ್ ಬರುತ್ತವೆ. ಸರಿಯಾದ ಮಾಡೆಲ್ ಹೆಸರು, ಸೀರಿಯಲ್ ನಂಬರ್, ತಯಾರಾದ ತಿಂಗಳು ಇರುವುದು ರೇಟಿಂಗ್ ಲೇಬಲ್ ಮೇಲೆ. ಅದು ಹಿಂಭಾಗದಲ್ಲೋ, ಪಕ್ಕದಲ್ಲೋ, ಮುಚ್ಚಳ ತೆಗೆದರೆ ಒಳಗೋ ಇರುತ್ತದೆ.

ಹಾಗಾಗಿ ಇನ್ನೂ ಮೂರು ಫೋಟೋ ಬೇಕು. ಪ್ಲಗ್ ತೆಗೆದು, ನೀರು ಬರುವ ಸಣ್ಣ ವಾಲ್ವ್ ಬಂದ್ ಮಾಡಿ. ಒಂದು ಫೋಟೋ ಹಿಂಭಾಗದ್ದು. ಇನ್ನೊಂದು, ಮುಚ್ಚಳ ತೆಗೆದ ಮೇಲೆ ಒಳಗಿನ ಉದ್ದನೆಯ ಫಿಲ್ಟರ್‌ಗಳದ್ದು, ಅವುಗಳ ಬರಹ ಓದಲು ಬರುವ ಹಾಗೆ. ಮೂರನೆಯದು, ಮಷೀನ್ ಹೊರಗೆ ಗೋಡೆಗೆ ಹಾಕಿರುವ ಪ್ರಿಫಿಲ್ಟರ್ ಬೌಲ್‌ದು. ಸಾಧ್ಯವಾದರೆ ಯಾರ ಹತ್ತಿರವಾದರೂ ಟಿಡಿಎಸ್ ಮೀಟರ್ ಇಸಿದುಕೊಂಡು ಬೋರ್‌ವೆಲ್ ನೀರು, ಫಿಲ್ಟರ್ ನೀರು ಎರಡನ್ನೂ ಅಳೆಯಿರಿ.

ಕೆಂಪು ದೀಪದ ಬಗ್ಗೆ ಈಗ ಹೆದರಬೇಡಿ. ಇಂಥ ಮಷೀನ್‌ಗಳಲ್ಲಿ ಆ ದೀಪ ನೀರನ್ನು ಅಳೆಯುವುದಿಲ್ಲ. ಪಂಪ್ ಎಷ್ಟು ಗಂಟೆ ಓಡಿತು ಅಂತ ಬೋರ್ಡ್ ಲೆಕ್ಕ ಇಡುತ್ತದೆ, ಲೆಕ್ಕ ಮುಗಿದರೆ ದೀಪ ಹತ್ತುತ್ತದೆ. ಹಿಂದಿನವರು ಫಿಲ್ಟರ್ ಬದಲಿಸಿ ರೀಸೆಟ್ ಮಾಡದೇ ಬಿಟ್ಟಿದ್ದರೂ ಅದು ಉರಿಯುತ್ತಲೇ ಇರುತ್ತದೆ.

ಹಾಸನದ ಹಿರಿಯ ಸದಸ್ಯರು:
ಅಮ್ಮಾ, ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮ ಮನೆಯ ಫಿಲ್ಟರ್‌ನಲ್ಲಿ ಕಿಟ್ ಮುಗಿದ ತಕ್ಷಣ ನೀರು ತಾನಾಗಿಯೇ ನಿಲ್ಲುತ್ತೆ. ನಿಂತ ಮೇಲೆ ಹೊಸ ಕಿಟ್ ತಂದು ಹಾಕ್ತೀನಿ. ನಿಮ್ಮದೂ ನಿಲ್ಲುವ ತನಕ ಕಾಯಿರಿ.

ಸರ್ವಿಸ್ ಮಾಡುವವರು:
ಯಜಮಾನರೇ, ನಿಮ್ಮದು ಕರೆಂಟ್ ಇಲ್ಲದೆ ಮೇಲಿಂದ ಕೆಳಗೆ ನೀರು ಇಳಿಯುವ ಮಷೀನ್ ಅನ್ಸುತ್ತೆ. ಅದರಲ್ಲಿ ಇಷ್ಟು ಲೀಟರ್ ಆದ ಮೇಲೆ ತಡೆಯುವ ವ್ಯವಸ್ಥೆ ಇರುತ್ತದೆ. ಇವರದು ಪಂಪ್ ಇರುವ ಆರ್‌ಓ. ಕಾರ್ಬನ್ ಪೂರ್ತಿ ಮುಗಿದಿದ್ದರೂ ಇದು ನೀರು ಕೊಡುತ್ತಲೇ ಇರುತ್ತದೆ. ಕಾಯುವುದು ಬೇಡ.

ಪ್ರಶ್ನೆ ಕೇಳಿದವರು:
ಸರ್, ಫೋಟೋ ಹಾಕಿದ್ದೇನೆ. ಹಿಂದೆ ಯಾವ ಲೇಬಲ್ಲೂ ಇಲ್ಲ. ಒಳಗೆ ಎರಡು ಬಿಳಿ ಫಿಲ್ಟರ್ ಇವೆ. ಒಂದರ ಮೇಲೆ ಸೆಡಿಮೆಂಟ್, ಇನ್ನೊಂದರ ಮೇಲೆ ಕಾರ್ಬನ್ ಅಂತ ಇದೆ. ಪೆನ್ನಿನಲ್ಲಿ ಬರೆದ ತಾರೀಖು ನೋಡಿದರೆ ಒಂದು ವರ್ಷ ದಾಟಿದೆ. ಹೊರಗಿನ ಬೌಲ್‌ನ ಕ್ಯಾಂಡಲ್ ಪೂರ್ತಿ ಕಂದು ಬಣ್ಣ. ಪಕ್ಕದ ಮನೆಯವರ ಮೀಟರ್‌ನಲ್ಲಿ ಬೋರ್‌ವೆಲ್ ನೀರು 720, ಫಿಲ್ಟರ್ ನೀರು 150 ಬಂತು. ಟ್ಯಾಂಕ್ ತುಂಬುವುದು ತುಂಬಾ ನಿಧಾನ.

ಬೆಂಗಳೂರಿನ ಸದಸ್ಯರು:
150 ಅಂದ್ರೆ ಚೆನ್ನಾಗೇ ಇದೆಯಲ್ಲ! ಕುಡಿಯುವ ನೀರಿನ ಐಎಸ್ 10500 ಪ್ರಕಾರ 500ರ ಒಳಗಿದ್ದರೆ ಸಾಕು. ಟಿಡಿಎಸ್ ಸರಿ ಇದ್ದರೆ ಏನೂ ಬದಲಿಸಬೇಡಿ. ಇವರೆಲ್ಲ ಸುಮ್ನೆ ಬಿಲ್ ಮಾಡ್ತಾರೆ.

ಸರ್ವಿಸ್ ಮಾಡುವವರು:
500ರ ಮಾತು ನಿಜ ಸರ್. ಆದರೆ ಅದು ನೀರಿನ ಮಿತಿ, ಫಿಲ್ಟರ್‌ನ ಆಯಸ್ಸಿನ ಲೆಕ್ಕ ಅಲ್ಲ. ಟಿಡಿಎಸ್ ಮೀಟರ್‌ಗೆ ಕಾಣುವುದು ಕರಗಿದ ಉಪ್ಪು ಮಾತ್ರ. ಅದನ್ನು ಇಳಿಸುವುದು ಮೆಂಬರೇನ್, ಅಂದರೆ ಆರ್‌ಓದ ಉಪ್ಪು ತಡೆಯುವ ಪೊರೆ. ಸೆಡಿಮೆಂಟ್ ಎಷ್ಟು ಕಟ್ಟಿಕೊಂಡಿದೆ, ಕಾರ್ಬನ್ ಮುಗಿದಿದೆಯಾ ಅನ್ನುವುದು ಆ ಮೀಟರ್‌ಗೆ ಗೊತ್ತಾಗುವುದೇ ಇಲ್ಲ.

ಮೇಡಂ, ನಿಮಗೆ ಬಂದ 150ರಲ್ಲೂ ಒಂದು ತೊಡಕಿದೆ. 720 ಹೋಗಿ 150 ಬಂದರೆ ಮೆಂಬರೇನ್ ನೂರಕ್ಕೆ 79 ಭಾಗ ಮಾತ್ರ ತೆಗೆಯುತ್ತಿದೆ ಅಂತ ಲೆಕ್ಕ. ಚೆನ್ನಾಗಿರುವ ಮೆಂಬರೇನ್ 90ಕ್ಕಿಂತ ಜಾಸ್ತಿ ತೆಗೆಯಬೇಕು. ಈ ಲೆಕ್ಕ ತೋರಿಸಿ ಮೆಂಬರೇನ್ ಹೋಗಿದೆ ಅನ್ನಬಹುದು. ಆದರೆ ನಿಮ್ಮ ಮಷೀನ್‌ನಲ್ಲಿ ಟಿಡಿಎಸ್ ಕಂಟ್ರೋಲ್ ಇದೆ. ಅದೊಂದು ಸಣ್ಣ ವಾಲ್ವ್. ಮೆಂಬರೇನ್ ದಾಟದ ನೀರನ್ನು ಸ್ವಲ್ಪ ತಂದು ಆರ್‌ಓ ನೀರಿಗೆ ಬೆರೆಸುತ್ತದೆ. ಹಾಗಾಗಿ ನಲ್ಲಿಯಲ್ಲಿ ಬರುವ 150 ಮೆಂಬರೇನ್ ಕೊಟ್ಟ ನೀರಲ್ಲ, ಬೆರಕೆ ನೀರು.

ಮೆಂಬರೇನ್ ಇರುವ ಉದ್ದನೆಯ ಹೌಸಿಂಗ್‌ನ ಒಂದು ತುದಿಯಲ್ಲಿ ಎರಡು ಪೈಪ್ ಇರುತ್ತವೆ. ಸಾಮಾನ್ಯವಾಗಿ ಮಧ್ಯದಿಂದ ಬರುವುದು ಶುದ್ಧ ನೀರು, ಪಕ್ಕದಿಂದ ಬರುವುದು ವೇಸ್ಟ್ ನೀರು. ಸರ್ವಿಸಿನವರು ಬಂದಾಗ ಆ ಮಧ್ಯದ ಪೈಪ್ ಬಿಚ್ಚಿಸಿ, ಮಷೀನ್ ಐದು ನಿಮಿಷ ಓಡಿದ ಮೇಲೆ ಬರುವ ನೀರನ್ನು ಲೋಟಕ್ಕೆ ಹಿಡಿದು ಅಳೆಯಿರಿ. ನಿಮ್ಮ ಕಣ್ಣೆದುರೇ ಆಗಲಿ. ಹೌಸಿಂಗ್ ತೆರೆದರೆ ಮೆಂಬರೇನ್ ಮೇಲೆ 1812-75 ಅಥವಾ 1812-80 ಥರದ ನಂಬರ್ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಮುಂದೆ ಅಂಗಡಿಯಲ್ಲಿ ಕೇಳುವುದು ಆ ನಂಬರನ್ನೇ. ನಿಮ್ಮ ಮಷೀನ್‌ಗೆ ಅದು ಮಾಡೆಲ್ ಹೆಸರಿಗಿಂತ ಉಪಯೋಗ.

ಬೌಲ್‌ನ ಕ್ಯಾಂಡಲ್, ಸೆಡಿಮೆಂಟ್, ಕಾರ್ಬನ್ ಈ ಮೂರನ್ನು ಈಗಲೇ ಬದಲಿಸಿ. ಬೋರ್‌ವೆಲ್ ನೀರಿಗೆ ಹೊರಗಿನ ಕ್ಯಾಂಡಲ್ ಮೂರು ತಿಂಗಳು, ಹೆಚ್ಚೆಂದರೆ ಆರು. ಬಣ್ಣ ನೋಡಿದರೇ ಗೊತ್ತಾಗುತ್ತದೆ. ಒಳಗಿನ ಎರಡು ಆರು ತಿಂಗಳಿಂದ ಒಂದು ವರ್ಷ. ಟ್ಯಾಂಕ್ ನಿಧಾನ ತುಂಬಲು ಕಟ್ಟಿಕೊಂಡ ಈ ಫಿಲ್ಟರ್‌ಗಳೇ ಕಾರಣ ಇರಬಹುದು. ನೀರು ಕಡಿಮೆ ಬಂದರೆ ಪಂಪ್ ಒತ್ತಡ ಕೊಡಲಾರದು, ಒತ್ತಡ ಇಲ್ಲದಿದ್ದರೆ ಮೆಂಬರೇನ್‌ನಿಂದ ನೀರು ಇಳಿಯದು. ಬದಲಿಸುವ ಮುಂಚೆ, ಬದಲಿಸಿದ ಮೇಲೆ ಆ ಮಧ್ಯದ ಪೈಪ್‌ನಲ್ಲಿ ಒಂದು ನಿಮಿಷಕ್ಕೆ ಎಷ್ಟು ಎಂಎಲ್ ಬರುತ್ತದೆ ಅಂತ ಅಳತೆ ಲೋಟದಲ್ಲಿ ಹಿಡಿದು ನೋಡಿ. 75 ನಂಬರಿನ ಹೊಸ ಮೆಂಬರೇನ್ ಸರಿಯಾದ ಒತ್ತಡದಲ್ಲಿ ಸುಮಾರು 200 ಎಂಎಲ್ ಕೊಡಬೇಕು.

ಪ್ರಶ್ನೆ ಕೇಳಿದವರು:
ಸರ್, ಬೇರೆ ಸರ್ವಿಸಿನವರನ್ನು ಕರೆಸಿ ನೀವು ಹೇಳಿದ ಹಾಗೇ ಮಾಡಿಸಿದೆ. ಮಧ್ಯದ ಪೈಪ್‌ನ ನೀರು 54 ಬಂತು! ಮೆಂಬರೇನ್ ನಂಬರ್ 1812-75. ಮೂರು ಫಿಲ್ಟರ್ ಬದಲಿಸುವ ಮುಂಚೆ ನಿಮಿಷಕ್ಕೆ 90 ಎಂಎಲ್ ಬರುತ್ತಿತ್ತು, ಆಮೇಲೆ 160. ಮೆಂಬರೇನ್ ಬದಲಿಸಲಿಲ್ಲ. ಮಾಡಿದ್ದು ಸರೀನಾ?

ಸರ್ವಿಸ್ ಮಾಡುವವರು:
ಸರಿಯಾಗಿಯೇ ಮಾಡಿದ್ದೀರಿ. 720ರಿಂದ 54 ಅಂದರೆ ನೂರಕ್ಕೆ 92 ಭಾಗದ ಮೇಲೆ ತೆಗೆಯುತ್ತಿದೆ. ಮೆಂಬರೇನ್ ಚೆನ್ನಾಗಿದೆ. ನಲ್ಲಿಯ ನೀರು 150 ಆಗಿರುವುದು ಸುಮಾರು ಏಳು ಲೋಟಕ್ಕೆ ಒಂದು ಲೋಟದಷ್ಟು ಬೋರ್‌ವೆಲ್ ನೀರು ಬೆರೆಯುತ್ತಿರುವುದರಿಂದ.

ಮೆಂಬರೇನ್‌ಗೆ ತಿಂಗಳ ಲೆಕ್ಕ ಇಡಬೇಡಿ. ಒಂದು ವರ್ಷಕ್ಕೆ ಹೋಗಿದ್ದೂ ಇದೆ, ಮೂರು ವರ್ಷ ಬಂದಿದ್ದೂ ಇದೆ. ಮೂರು ತಿಂಗಳಿಗೊಮ್ಮೆ ಅದೇ ಪೈಪ್‌ನ ನೀರು ಅಳೆದು ಮುಚ್ಚಳದ ಒಳಗೆ ಬರೆದಿಡಿ. ಬೋರ್‌ವೆಲ್ ನೀರು 720 ಇದ್ದಾಗ ಇದು 100 ದಾಟಲು ಶುರುವಾದರೆ ಬದಲಿಸುವ ಕಾಲ ಬಂತು ಅನ್ನಿ. ಟಿಡಿಎಸ್ ಏರದೆ ನೀರು ಮಾತ್ರ ತಿಂಗಳು ತಿಂಗಳಿಗೆ ಕಡಿಮೆಯಾದರೆ ಗಡಸು ನೀರಿನ ಸುಣ್ಣ ಮೆಂಬರೇನ್ ಮೇಲೆ ಕಟ್ಟಿಕೊಳ್ಳುತ್ತಿದೆ ಅಂತ ಅನುಮಾನಿಸಬೇಕು. ಬೋರ್‌ವೆಲ್ ಮನೆಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ನಗರಸಭೆಯ ಕ್ಲೋರಿನ್ ಹಾಕಿದ ನೀರಾದರೆ ಕಥೆ ಬೇರೆ. ಅಲ್ಲಿ ಕಾರ್ಬನ್ ಮುಗಿದರೆ ಕ್ಲೋರಿನ್ ನೇರ ಮೆಂಬರೇನ್ ತಲುಪಿ ಅದನ್ನು ಹಾಳು ಮಾಡುತ್ತದೆ, ಟಿಡಿಎಸ್ ಏರುತ್ತದೆ. ಅಲ್ಲಿ ಕಾರ್ಬನ್ ಬದಲಿಸುವುದನ್ನು ಮುಂದೂಡಲೇಬಾರದು.

ಯುವಿ ಲ್ಯಾಂಪ್ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ. ಅದು ನೀಲಿಯಾಗಿ ಉರಿಯುತ್ತಿದ್ದರೂ ಶಕ್ತಿ ಕುಗ್ಗಿರಬಹುದು, ಕಣ್ಣಿಗೆ ಗೊತ್ತಾಗುವುದಿಲ್ಲ. ಯಾವಾಗ ಹಾಕಿದ್ದು ಅಂತ ಓನರ್‌ಗೂ ನೆನಪಿಲ್ಲದಿದ್ದರೆ ಹೊಸದು ಹಾಕಿಸಿಬಿಡಿ. ಉರಿಯುವ ಲ್ಯಾಂಪನ್ನು ನೇರ ನೋಡಬೇಡಿ.

ಪಾವಗಡದ ಸದಸ್ಯೆ:
ನಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಇದೆ. ನಮ್ಮ ಮಷೀನ್‌ನಲ್ಲೂ ಆ ಬೆರೆಸುವ ವಾಲ್ವ್ ಇದೆ. ಟಿಡಿಎಸ್ 120 ಬರುತ್ತೆ. ಪರವಾಗಿಲ್ವಾ ಸರ್?

ಸರ್ವಿಸ್ ಮಾಡುವವರು:
ಅಕ್ಕ, ಒಳ್ಳೆಯ ಪ್ರಶ್ನೆ. ಫ್ಲೋರೈಡನ್ನು ಬಹುಪಾಲು ತೆಗೆಯುವುದು ಮೆಂಬರೇನ್. ಯುವಿ, ಯುಎಫ್ ಅದನ್ನು ಮುಟ್ಟುವುದೂ ಇಲ್ಲ. ವಾಲ್ವ್ ತೆರೆದಿದ್ದರೆ ಮೆಂಬರೇನ್ ತೆಗೆದ ಫ್ಲೋರೈಡ್ ಬೆರಕೆ ನೀರಿನ ಜೊತೆ ಮತ್ತೆ ಲೋಟಕ್ಕೆ ಬರುತ್ತದೆ. ಟಿಡಿಎಸ್ ಮೀಟರ್ ಅದನ್ನು ಬೇರೆ ಮಾಡಿ ತೋರಿಸುವುದಿಲ್ಲ. ಕುಡಿಯುವ ನೀರಿಗೆ ಲೀಟರ್‌ಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ವಾಲ್ವ್ ಪೂರ್ತಿ ಮುಚ್ಚಿಸಿ, ಆಮೇಲೆ ನಲ್ಲಿಯ ನೀರನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಬೋರ್‌ವೆಲ್ ನೀರಿನಲ್ಲಿ ಎಷ್ಟಿದೆ ಅಂತ ತಿಳಿಯದೆ ಪರವಾಗಿಲ್ಲ ಅಂತ ನಾನು ಹೇಳಲಾರೆ.

ಪ್ರಶ್ನೆ ಕೇಳಿದವರು:
ಹಾಗಾದರೆ ನಮ್ಮದನ್ನೂ ಮುಚ್ಚಿಸಿ ಪರೀಕ್ಷೆ ಮಾಡಿಸ್ತೀನಿ. ಆದರೆ ಕೆಂಪು ದೀಪ ಇನ್ನೂ ಉರೀತಿದೆ ಸರ್. ಬಂದವರಿಗೂ ಆರಿಸಲು ಗೊತ್ತಾಗಲಿಲ್ಲ.

ಸರ್ವಿಸ್ ಮಾಡುವವರು:
ಅದು ಯಾವ ಬೋರ್ಡ್ ಹಾಕಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಕೆಲವಕ್ಕೆ ಬೋರ್ಡ್‌ನಲ್ಲೇ ಸಣ್ಣ ಗುಂಡಿ ಇರುತ್ತದೆ, ಅದನ್ನು ಒತ್ತಿ ಹಿಡಿಯಬೇಕು. ಪ್ಲಗ್ ತೆಗೆದು ಬೋರ್ಡ್‌ನ ಫೋಟೋ ಹಾಕಿ, ನೋಡೋಣ. ಅಲ್ಲಿಯವರೆಗೆ ಮೂರು ಫಿಲ್ಟರ್ ಮೇಲೂ ಇವತ್ತಿನ ತಾರೀಖು ಮಾರ್ಕರ್‌ನಲ್ಲಿ ಬರೆದಿಡಿ.